ಹತ್ತನೆಯ ಹೆಸರು: ಕಲಬುರಗಿಯ ಒಂದು ರೆಫರಲ್ ಪ್ರಕರಣ

ನಾನು ಕಲಬುರಗಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಜಿಎಸ್‌ಟಿ, ಸಂಬಳದ ಪಟ್ಟಿ, ಬ್ಯಾಂಕಿನ ಹೊಂದಾಣಿಕೆ, ಇಷ್ಟೇ ನನ್ನ ಕೆಲಸ. 2025ರ ಜೂನ್ ಎರಡನೇ ವಾರ ಸೂಪರ್ ಮಾರ್ಕೆಟ್ ಕಡೆಯ ಒಂದು ಮೊಬೈಲ್ ಅಂಗಡಿಯ ಮಾಲೀಕರು ಫೋನ್ ಮಾಡಿ, "ನಮ್ಮ ಹುಡುಗನ ಖಾತೆ ಲಾಕ್ ಆಗ್ಯದ್ರಿ, ಸ್ವಲ್ಪ ನೋಡ್ರಿ" ಎಂದರು. ಅರ್ಧ ತಾಸಿನಲ್ಲಿ ಹುಡುಗ ಬಂದ. ಅವನನ್ನು ಮಲ್ಲು ಅಂತ ಕರೆಯೋಣ. ಇಲ್ಲಿ ಬರುವ ಹೆಸರು, ಗುರುತುಗಳನ್ನೆಲ್ಲ ಬದಲಿಸಿದ್ದೇನೆ.

ವಯಸ್ಸು 24, ಬಿ.ಕಾಂ ಆಗಿದೆ, ಸಂಬಳ 11,000. ಊರು ಆಳಂದ ಕಡೆ. ಇಲ್ಲಿ ರಿಂಗ್ ರೋಡ್ ಹತ್ತಿರ ಇಬ್ಬರ ಜೊತೆ ರೂಮು. ಖಾತೆಯಲ್ಲಿ ಆಗ ಇದ್ದದ್ದು ಆ ತಿಂಗಳ ಸಂಬಳ, ಜೊತೆಗೆ ಅಪ್ಪ ಕಳಿಸಿದ್ದ 8,000. ತೊಗರಿ ಬೀಜ, ಗೊಬ್ಬರ ಕೊಂಡು ಊರಿಗೆ ಒಯ್ಯಬೇಕಿದ್ದ ದುಡ್ಡು ಅದು. ಯುಪಿಐ ಹಾಕಿದರೆ ಹೋಗುತ್ತಿಲ್ಲ, ಎಟಿಎಂನಲ್ಲೂ ಬರುತ್ತಿಲ್ಲ. ಬ್ಯಾಂಕಿಗೆ ಹೋದರೆ ಒಂದು ಚೀಟಿ ಕೊಟ್ಟಿದ್ದಾರೆ. ಬೇರೆ ರಾಜ್ಯದ ಒಂದು ಸೈಬರ್ ಪೊಲೀಸ್ ಠಾಣೆಯ ಹೆಸರು, ಒಂದು ದೂರಿನ ಸಂಖ್ಯೆ, ಮತ್ತು 4,200 ರೂಪಾಯಿ ಎಂಬ ಮೊತ್ತ.

"ಈ 4,200 ಯಾವುದಪ್ಪ?" ಎಂದೆ.

"ಗೇಮಿಂದ್ರಿ" ಎಂದ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದ.

ಮೊದಲ 300

ಶರಣಬಸವೇಶ್ವರರ ಜಾತ್ರೆ ಮುಗಿದ ಮೇಲೆ, ಮಾರ್ಚ್ ಕೊನೆಯ ವಾರ, ರೂಮಿನ ಗೆಳೆಯ ಒಂದು ಲಿಂಕ್ ಕಳಿಸಿದ್ದ. ಪ್ಲೇ ಸ್ಟೋರ್‌ನಲ್ಲಿ ಇಲ್ಲದ ಆ್ಯಪ್. ಟೆಲಿಗ್ರಾಂನಿಂದ ಫೈಲ್ ಇಳಿಸಿಕೊಂಡು ಹಾಕಿಕೊಳ್ಳಬೇಕು. ಒಳಗೆ ಬಣ್ಣದ ಆಟ. ಒಂದು ನಿಮಿಷಕ್ಕೊಂದು ಸುತ್ತು. ಹಸಿರು, ಕೆಂಪು, ನೇರಳೆ, ಯಾವುದು ಬರುತ್ತದೆ ಅಂತ ಹಣ ಹಾಕಬೇಕು. ಮಲ್ಲು 300 ಹಾಕಿದ, 580 ಆಯಿತು, ತೆಗೆದ. ಹತ್ತೇ ನಿಮಿಷದಲ್ಲಿ ಖಾತೆಗೆ ಬಂತು. ಅದರ ಸ್ಕ್ರೀನ್‌ಶಾಟ್ ಅವನ ಫೋನಿನಲ್ಲಿ ಇನ್ನೂ ಇತ್ತು. ಮುಂದೆ ಎಲ್ಲರಿಗೂ ತೋರಿಸಿದ್ದು ಅದನ್ನೇ.

ಆಟಕ್ಕಿಂತ ಅವನನ್ನು ಎಳೆದದ್ದು ಪಕ್ಕದ ಪುಟ. 'ಇನ್ವೈಟ್' ಅಂತ. ಒಬ್ಬ ಗೆಳೆಯ ಸೇರಿ 300 ಹಾಕಿದರೆ ನಿನಗೆ 55. ಮೂವರಾದರೆ ಇನ್ನೂ 155. ಹತ್ತು ಜನ ಆದರೆ 555. ಮೂವತ್ತಾದರೆ 1,555. ಅದರ ಮೇಲೆ, ಅವರು ಎಷ್ಟು ಆಡುತ್ತಾರೋ ಅದರ ಮೇಲೆ ದಿನಾ ಕಮಿಷನ್, ನೂರು ರೂಪಾಯಿ ಆಟಕ್ಕೆ 60 ಪೈಸೆ.

ಈ ಮೆಟ್ಟಿಲುಗಳ ಅಂತರ ನೋಡಿ. ಒಂದು ಆದ ಮೇಲೆ ಮೂರಕ್ಕೆ ಇಬ್ಬರು ಸಾಕು. ಮೂರಾದ ಮೇಲೆ ಮುಂದಿನ ಬೋನಸ್‌ಗೆ ಏಳು ಜನ ಬೇಕು. ಏಳು ಜನ ಗೆಳೆಯರು ಸುಮ್ನೆ ಸಿಗುವುದಿಲ್ಲ. ಮೊದಲ ಮೂವರು ಹೇಗೂ ಹತ್ತಿರದವರು, ಕೇಳಿದರೆ ಹೂಂ ಅನ್ನುತ್ತಾರೆ. ನಾಲ್ಕನೆಯವನಿಂದ ಒತ್ತಾಯ ಶುರು.

ಇನ್ನೊಂದು ಸಂಗತಿ ಇದೆ. ಆ್ಯಪ್ ಹಾಕಿಕೊಂಡರೆ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ, ಹಣ ಹಾಕಿದರೆ ಮಾತ್ರ ಬರುತ್ತದೆ. ಮಲ್ಲುವಿನ 'ಮೈ ಟೀಮ್' ಪುಟದಲ್ಲಿ ಸೇರಿಯೂ ಹಣ ಹಾಕದವರ ಐಡಿ ಎದುರು ಬೂದು ಬಣ್ಣದ ಚುಕ್ಕೆ ಇರುತ್ತಿತ್ತು. ಹಾಕಿದವರದ್ದು ಹಸಿರು. ಗೆಳೆಯರ ಪಟ್ಟಿ ಹಾಗೆಯೇ ವಸೂಲಿಯ ಪಟ್ಟಿ ಆಗಿಬಿಟ್ಟಿತು. ಬೂದು ಚುಕ್ಕೆ ಇದ್ದವರಿಗೆ ಅವನು ದಿನಾ ಫೋನ್ ಮಾಡುತ್ತಿದ್ದ. "300 ಹಾಕು ದೋಸ್ತ, ಹೋದ್ರ ನಾ ಕೊಡ್ತೀನಿ" ಅಂತ ಮೂವರಿಗೆ ಹೇಳಿದ್ದ. ಆ ಮಾತು ಮುಂದೆ ಎಷ್ಟು ದುಬಾರಿ ಆಯಿತು ಅಂತ ಆಮೇಲೆ ಹೇಳುತ್ತೇನೆ.

ಟೆಲಿಗ್ರಾಂ ಗುಂಪಿನಲ್ಲಿ ಒಬ್ಬ 'ಲೀಡರ್' ಇದ್ದ. ಹಿಂದಿಯಲ್ಲಿ ವಾಯ್ಸ್ ಮೆಸೇಜ್ ಬಿಡುತ್ತಿದ್ದ. ಯಾರ ಟೀಮಿನಲ್ಲಿ ದಿನಾ ಐದು ಜನ ಆಡುತ್ತಾರೋ ಅವರಿಗೆ ವಾರಕ್ಕೊಮ್ಮೆ 'ಸ್ಯಾಲರಿ' ಅಂತ. ಮಲ್ಲುಗೆ ಅದು ಎರಡನೇ ನೌಕರಿಯ ಹಾಗೆ ಕಂಡಿತು. ಅಂಗಡಿಯಲ್ಲಿ ಹತ್ತು ತಾಸು ನಿಂತರೆ ದಿನಕ್ಕೆ ನಾನೂರೂ ಇಲ್ಲ. ಅಂಥವನಿಗೆ ಹಾಗೆ ಕಾಣುವುದರಲ್ಲಿ ಆಶ್ಚರ್ಯ ಇಲ್ಲ.

ಹತ್ತನೆಯವನು

ಏಪ್ರಿಲ್ ಮಧ್ಯಕ್ಕೆ ಅವನ ಎಂಟು ಚುಕ್ಕೆ ಹಸಿರಾಗಿದ್ದವು. ಇನ್ನೂ ಇಬ್ಬರು ಬೇಕು. ಒಬ್ಬ ಊರಿನ ಕಾಕಾನ ಮಗ. ಇನ್ನೊಬ್ಬ ಬೈಕ್ ಮೆಕ್ಯಾನಿಕ್. ಇಬ್ಬರೂ ಆ್ಯಪ್ ಹಾಕಿಕೊಂಡಿದ್ದರು, ರೊಕ್ಕ ಹಾಕಲು ಒಲ್ಲೆ ಅಂದರು. ಮಲ್ಲು ತಾನೇ ಇಬ್ಬರಿಗೂ 300, 300 ಯುಪಿಐ ಮಾಡಿದ. "ನನ್ನ ರೊಕ್ಕದಾಗ ಹಾಕ್ರಿ, ನಿಮ್ದೇನು ಹೋಗ್ತದ?"

ಸ್ಟೇಟ್‌ಮೆಂಟಿನಲ್ಲಿ ಆ ಎರಡು ಸಾಲು ಒಂದರ ಕೆಳಗೊಂದು ಇವೆ. ಬೋನಸ್ 555 ಬರಲೆಂದು 600 ಖರ್ಚು. ಬಂದ 555 ಕೂಡ ಕೈಗೆ ಬರಲಿಲ್ಲ. ಅದು ಆ್ಯಪಿನ ಬೋನಸ್ ಚೀಲಕ್ಕೆ ಬಿತ್ತು. ಐದು ಪಟ್ಟು, ಅಂದರೆ 2,775 ರೂಪಾಯಿಯ ಆಟ ಆಡಿದ ಮೇಲೇ ಅದನ್ನು ತೆಗೆಯಬಹುದು ಅಂತ ನಿಯಮ.

ನಾನು ಅವನಿಗೆ ಕಾಗದದ ಮೇಲೆ ಈ ಆಟದ ಲೆಕ್ಕ ಬರೆದು ತೋರಿಸಿದೆ. ಒಳಗಿನ ನಿಯಮ ಹೀಗಿತ್ತು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿ. ಹಸಿರಿಗೆ ಹಾಕಿದರೆ 1, 3, 7, 9 ಬಂದಾಗ ಎರಡು ಪಟ್ಟು. 5 ಬಂದಾಗ ಹಸಿರಿನ ಜೊತೆ ನೇರಳೆಯೂ ಇರುವುದರಿಂದ ಒಂದೂವರೆ ಪಟ್ಟು ಮಾತ್ರ. ಜೊತೆಗೆ ಪ್ರತಿ ಬಾರಿಯೂ ನೂರಕ್ಕೆ ಎರಡು ರೂಪಾಯಿ ಸೇವಾ ಶುಲ್ಕ. ಅಂದರೆ ನೂರು ಹಾಕಿದರೆ ಆಟಕ್ಕೆ ಇಳಿಯುವುದು 98. ಹತ್ತು ಸುತ್ತಿನಲ್ಲಿ ಎಲ್ಲ ಅಂಕಿಯೂ ಒಂದೊಂದು ಸಲ ಬಂತು ಅಂದುಕೊಳ್ಳಿ. ನಾಲ್ಕು ಸಲ 196, ಒಂದು ಸಲ 147, ಐದು ಸಲ ಸೊನ್ನೆ. ಒಟ್ಟು 931. ನೀವು ಹಾಕಿದ್ದು 1,000. ಪ್ರತಿ ನೂರಕ್ಕೆ 6 ರೂಪಾಯಿ 90 ಪೈಸೆ ಅಲ್ಲೇ ಉಳಿಯಿತು. ಅದೂ ಅಂಕಿಗಳು ಮೋಸವಿಲ್ಲದೆ ಬರುತ್ತವೆ ಅಂತ ನಂಬಿದರೆ. ಅಂಕಿ ಬರಿಸುವುದು ಅವರ ಸರ್ವರ್, ನೋಡಲು ನಮಗೆ ದಾರಿ ಇಲ್ಲ.

ಹಾಗಾಗಿ 2,775 ಆಡುವಷ್ಟರಲ್ಲಿ ಸರಾಸರಿ 191 ರೂಪಾಯಿ ಕರಗುತ್ತದೆ. ಉಳಿಯುವುದು 364. ಅದಕ್ಕಾಗಿ ಕೈಯಿಂದ ಹೋದದ್ದು 600.

ಇದಕ್ಕಿಂತ ದೊಡ್ಡ ಲೆಕ್ಕ ಕಮಿಷನ್ನಿನದು. ಗೆಳೆಯ ನೂರು ರೂಪಾಯಿ ಆಡಿದರೆ ಮಲ್ಲುಗೆ 60 ಪೈಸೆ. ಅದೇ ನೂರರಲ್ಲಿ ಗೆಳೆಯನಿಗೆ ಹೋಗುವುದು 6.90. ಅಂದರೆ ಮಲ್ಲು ಒಂದು ರೂಪಾಯಿ ಗಳಿಸಬೇಕಾದರೆ ಗೆಳೆಯರು ಹನ್ನೊಂದೂವರೆ ರೂಪಾಯಿ ಕಳೆದುಕೊಳ್ಳಬೇಕು. ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಕಂಪನಿ ತನ್ನ ಜಾಹೀರಾತಿನ ದುಡ್ಡನ್ನು ಹಂಚುತ್ತಿದೆ ಅಂತ ಅವನು ನಂಬಿದ್ದ. "ಕಂಪನಿ ಕೊಡ್ತದಲ್ರಿ" ಅಂತ ಎರಡು ಸಲ ಹೇಳಿದ. ಮೂರನೇ ಸಲ ಹೇಳಲಿಲ್ಲ.

ಆ್ಯಪಿನಲ್ಲಿ ಅವನ ಟೀಮಿನ ಒಟ್ಟು ಆಟ 9,40,000 ಎಂದು ತೋರಿಸುತ್ತಿತ್ತು. ಸಣ್ಣ ಸಂಬಳದ ಹುಡುಗರು ಒಂಬತ್ತು ಲಕ್ಷ ಹೇಗೆ ಆಡಿದರು ಅಂತ ಕೇಳಬಹುದು. ಅದೇ 500, 1,000 ತಿರುಗಿ ತಿರುಗಿ ಆಡಿದ್ದು. ನಿಮಿಷಕ್ಕೊಂದು ಸುತ್ತು ಇದ್ದರೆ ರಾತ್ರಿ ಎರಡು ತಾಸಿಗೆ 120 ಸುತ್ತು, ಅಲ್ವಾ? ಇದರ ಮೇಲೆ ಅವನಿಗೆ ಬಂದ ಕಮಿಷನ್ 5,640. ನನ್ನ ಲೆಕ್ಕದ ಪ್ರಕಾರ ಟೀಮಿನ ನಷ್ಟ 64,860 ಆಗಬೇಕು. ಟೀಮಿನ ಹನ್ನೊಂದು ಜನರನ್ನು ಅವನೇ ಒಬ್ಬೊಬ್ಬರಾಗಿ ಕೇಳಿ, ಹಾಕಿದ್ದು ಎಷ್ಟು, ತೆಗೆದದ್ದು ಎಷ್ಟು ಅಂತ ಬರೆದುಕೊಂಡು ಬಂದ. ಮೊತ್ತ 68,400. ಕಾಗದದ ಲೆಕ್ಕಕ್ಕೂ ಗೆಳೆಯರ ಜೇಬಿಗೂ ಅಷ್ಟೊಂದು ಹತ್ತಿರ ಬಂದದ್ದು ನೋಡಿ ನನಗೇ ಒಂಥರಾ ಆಯಿತು.

ಅವನದ್ದೂ ಉಳಿದಿರಲಿಲ್ಲ ಬಿಡಿ. ಹಾಕಿದ್ದು 31,500, ತೆಗೆದದ್ದು 12,900. ಕಮಿಷನ್, ಬೋನಸ್ ಎಲ್ಲ ಅದರಲ್ಲೇ ಸೇರಿಯೂ 18,600 ನಷ್ಟ.

ಬಸುನ ಒಂದು ರಾತ್ರಿ

ಹನ್ನೊಂದು ಜನರಲ್ಲಿ ಹೆಚ್ಚು ಕಳೆದುಕೊಂಡವನು ಬಸು, 27,000. ಅವನು ಒಂದು ದಾಲ್ ಮಿಲ್ಲಿನಲ್ಲಿ ಮುನೀಮರ ಕೈಕೆಳಗೆ ಕೆಲಸ ಮಾಡುತ್ತಾನೆ. ಹಮಾಲರ ಕೂಲಿ ಹಂಚುವುದು ಅವನ ಜವಾಬ್ದಾರಿ. ಮಲ್ಲುಗೆ ಶಾಲೆಯಿಂದ ಗೆಳೆಯ.

ಟೆಲಿಗ್ರಾಂನ ಲೀಡರ್ ಅವರಿಗೆ 'ಮೂರು ಪಟ್ಟು ಪ್ಲಾನ್' ಕೊಟ್ಟಿದ್ದ. 10 ರೂಪಾಯಿ ಹಾಕು. ಸೋತರೆ 30. ಮತ್ತೆ ಸೋತರೆ 90, ಆಮೇಲೆ 270, 810, 2,430. ಎಲ್ಲೋ ಒಂದು ಕಡೆ ಗೆದ್ದೇ ಗೆಲ್ಲುತ್ತೀಯ, ಹಿಂದಿನದೆಲ್ಲ ವಾಪಸ್ ಬರುತ್ತದೆ ಅಂತ. ಕೇಳಲು ಚೆನ್ನಾಗಿದೆ. ಆರು ಮೆಟ್ಟಿಲಿಗೆ ಕೂಡಿದರೆ 3,640 ಆಗುತ್ತದೆ. ಆರು ಸಲ ಸತತ ಸೋಲುವುದು 64ರಲ್ಲಿ ಒಂದು ಸಲ. ಒಂದೊಂದು ಸರಣಿ ಸರಾಸರಿ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಹೀಗೆ ಕೂತು ಆಡುವವನಿಗೆ ಹೆಚ್ಚುಕಡಿಮೆ ಎರಡು ತಾಸಿಗೊಮ್ಮೆ ಆ ಆರು ಸೋಲು ಬರುತ್ತದೆ. ನಡುವೆ ಹತ್ತಿಪ್ಪತ್ತು ರೂಪಾಯಿ ಗೆಲ್ಲುತ್ತಿರುವುದರಿಂದ ಪ್ಲಾನ್ ನಡೆಯುತ್ತಿದೆ ಅಂತಲೇ ಅನಿಸುತ್ತದೆ.

ಮೇ ತಿಂಗಳ ಒಂದು ಭಾನುವಾರ ಬಸು ಒಂಬತ್ತಕ್ಕೆ ಕೂತ. ಹತ್ತು ಗಂಟೆಗೆ 420 ಮೇಲಿದ್ದ. ಅದರ ಸ್ಕ್ರೀನ್‌ಶಾಟ್ ಗುಂಪಿಗೂ ಹಾಕಿದ. 10:40ಕ್ಕೆ ಹಸಿರಿಗೆ ಹಾಕಿ ಕೂತಾಗ ಕೆಂಪು ಆರು ಸಲ ಬಂತು. 3,640 ಹೋಯಿತು. ಅವನ ಖಾತೆಯಲ್ಲಿ ಮರುದಿನ ಹಮಾಲರಿಗೆ ಕೊಡಬೇಕಾದ 8,000 ಇತ್ತು. ಪ್ಲಾನಿನಲ್ಲಿ ಏಳನೇ ಮೆಟ್ಟಿಲು ಇರಲಿಲ್ಲ. ಅವನೇ ಮೂರರಿಂದ ಗುಣಿಸಿಕೊಂಡ. 7,290. ಏಳನೆಯದೂ ಕೆಂಪು. ಏಳು ನಿಮಿಷದಲ್ಲಿ 10,930.

ಮರುದಿನ ಬೆಳಿಗ್ಗೆ ಮಲ್ಲು ಅಂಗಡಿಯ ಶಟರ್ ಎತ್ತುವ ಮುಂಚೆ ಫೋನ್ ನೋಡಿದ. ಕಮಿಷನ್ ಜಾಸ್ತಿ ಆಗಿತ್ತು. ಬಸುನ ಆ ಏಳು ಸುತ್ತಿಗೇ 65 ರೂಪಾಯಿ 58 ಪೈಸೆ. "ನಿನ್ನೆ ಟೀಮ್ ಚಲೋ ಆಡ್ಯದ" ಅಂತ ಗುಂಪಿಗೆ ಮೆಸೇಜ್ ಹಾಕಿದ. ಬಸು ಅದನ್ನು ಓದಿದ. ಏನೂ ಬರೆಯಲಿಲ್ಲ. ಮಧ್ಯಾಹ್ನ ಬಂದು 8,000 ಸಾಲ ಕೇಳಿದ. ಮಲ್ಲುವಿನ ಹತ್ತಿರ ಅಷ್ಟು ದುಡ್ಡು ಇರಲಿಲ್ಲ. ಬಸು ಬೈಕಿನ ಕಂತು ತಪ್ಪಿಸಿ, ಉಳಿದದ್ದನ್ನು ಅಣ್ಣನ ಹತ್ತಿರ ಸುಳ್ಳು ಹೇಳಿ ತಂದು ಕೂಲಿ ಹಂಚಿದ.

ಈ ಮೆಸೇಜ್ ನನಗೆ ತೋರಿಸುವಾಗ ಮಲ್ಲು ಫೋನನ್ನು ನನ್ನ ಕಡೆ ತಿರುಗಿಸಿ ತಾನು ಬೇರೆ ಕಡೆ ನೋಡುತ್ತಿದ್ದ.

4,200 ಎಲ್ಲಿಂದ ಬಂತು

ಮತ್ತೆ ಬ್ಯಾಂಕಿನ ಚೀಟಿಗೆ ಬರೋಣ. ಮಲ್ಲುವಿನ ಸ್ಟೇಟ್‌ಮೆಂಟಿನಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು. ಆ್ಯಪಿಗೆ ಹಣ ಹಾಕಿದ ಪ್ರತಿ ಸಲವೂ ಬೇರೆ ಬೇರೆ ಹೆಸರು. ಒಮ್ಮೆ ಒಂದು ಕಿರಾಣಿ ಅಂಗಡಿ, ಒಮ್ಮೆ ಯಾರೋ ಹೆಣ್ಣುಮಗಳು, ಒಮ್ಮೆ ಟ್ರಾವೆಲ್ಸ್. ಆ್ಯಪಿನ ಹೆಸರು ಒಮ್ಮೆಯೂ ಇಲ್ಲ. ಗೆದ್ದ ಹಣ ಬಂದದ್ದೂ ಹಾಗೇ, ಅಪರಿಚಿತರ ಖಾತೆಗಳಿಂದ. ಇವು ಬಾಡಿಗೆ ಖಾತೆಗಳು. ಇಂಥ ಖಾತೆಗಳಲ್ಲಿ ಜೂಜಿನ ಹಣ ಮಾತ್ರ ಓಡಾಡುವುದಿಲ್ಲ, ಬೇರೆ ಆನ್‌ಲೈನ್ ಮೋಸದಲ್ಲಿ ಕಳೆದುಕೊಂಡವರ ಹಣವೂ ಓಡಾಡುತ್ತದೆ.

ಹಾಗೆ ಹಣ ಕಳೆದುಕೊಂಡ ಯಾರೋ ಒಬ್ಬರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿಯೋ cybercrime.gov.in ನಲ್ಲಿಯೋ ದೂರು ಕೊಟ್ಟಿದ್ದಾರೆ. ಪೊಲೀಸರು ಹಣ ಹೋದ ಖಾತೆ, ಅಲ್ಲಿಂದ ಮುಂದೆ ಹೋದ ಖಾತೆ, ಅದರ ಮುಂದಿನದು ಅಂತ ಜಾಡು ಹಿಡಿಯುತ್ತಾರೆ. ಆ ಜಾಡಿನ ಕೊನೆಯಲ್ಲಿ ಮಲ್ಲು ಗೆದ್ದೆ ಅಂದುಕೊಂಡ 4,200 ಇತ್ತು. ಅವನು ಸಂಭ್ರಮದಲ್ಲಿ ತೆಗೆದ ಹಣ ಇನ್ನೊಬ್ಬರ ಕಳ್ಳತನವಾದ ಹಣ. ವಿವಾದ 4,200ರದ್ದು, ಆದರೆ ಬ್ಯಾಂಕು ಇಡೀ ಖಾತೆಯಿಂದಲೇ ಹಣ ಹೊರಹೋಗದ ಹಾಗೆ ಮಾಡಿತ್ತು.

ಜೊತೆಗೆ ಇನ್ನೊಂದು ಕೆಟ್ಟ ಸಂಗತಿ ಇತ್ತು. ನಾಲ್ಕು ಜನ ಗೆಳೆಯರು ಆ್ಯಪಿನ ಕ್ಯೂಆರ್ ಸರಿ ಹೋಗುತ್ತಿಲ್ಲ ಅಂತ ಹಣವನ್ನು ಮಲ್ಲುಗೇ ಕಳಿಸಿದ್ದರು, ಅವನು ಅದನ್ನು ಮುಂದೆ ಕಳಿಸಿದ್ದ. ಸ್ಟೇಟ್‌ಮೆಂಟ್ ಮಾತ್ರ ನೋಡುವವರಿಗೆ ಹೇಗೆ ಕಾಣುತ್ತದೆ ಹೇಳಿ. ಹಲವರಿಂದ ಹಣ ತಗೊಂಡು ಜೂಜಿನ ಖಾತೆಗೆ ಕಳಿಸುವ ಏಜೆಂಟನ ಖಾತೆಯ ಹಾಗೇ ಕಾಣುತ್ತದೆ.

ಪೊಲೀಸ್ ಠಾಣೆಗೆ ಕಳಿಸುವ ಪತ್ರ ಬರೆಯಲು ಕೂತಾಗ ಅವನು, "ಸರ್, ಮೊಬೈಲ್ ಮಾರಿದ್ದ ರೊಕ್ಕ ಅಂತ ಬರೀರಿ" ಎಂದ. ನಾನು ಒಪ್ಪಲಿಲ್ಲ. ಬಿಲ್ ಕೇಳಿದರೆ ಎಲ್ಲಿಂದ ತರೋದು? ಸುಳ್ಳು ಬಿಲ್ ಮಾಡಿದರೆ ಅಂಗಡಿ ಮಾಲೀಕರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಯಾವ ದಿನ, ಯಾವ ಆ್ಯಪ್, ಎಷ್ಟು ಹಾಕಿದ, ಎಷ್ಟು ಬಂತು, ಯಾವ ಗೆಳೆಯ ಎಷ್ಟು ಕಳಿಸಿದ. ಆರು ತಿಂಗಳ ಸ್ಟೇಟ್‌ಮೆಂಟ್, ಆಧಾರ್, ಅಂಗಡಿಯ ಸಂಬಳದ ಪತ್ರ ಜೊತೆಗಿಟ್ಟೆವು. 4,200 ಹಿಡಿದಿಟ್ಟುಕೊಳ್ಳಲು ತಕರಾರಿಲ್ಲ, ಉಳಿದದ್ದು ಬಿಡಿ ಅಂತ ಕೇಳಿಕೊಂಡೆವು. ಒಬ್ಬ ವಕೀಲರಿಗೂ ಒಮ್ಮೆ ತೋರಿಸಿದೆವು. ಮೇಲ್ ಹಾಕಿ, ಫೋನ್ ಮಾಡಿ, ಮತ್ತೆ ಮೇಲ್ ಹಾಕಿ ಏಳು ವಾರ ಆದ ಮೇಲೆ ಖಾತೆ ಬಿಡುಗಡೆ ಆಯಿತು, 4,200 ಬಿಟ್ಟು. ಅಷ್ಟರಲ್ಲಿ ಬಿತ್ತನೆಯ ಹದ ಕಳೆದಿತ್ತು. ಬೀಜಕ್ಕೆ ಅಪ್ಪ ಬೇರೆ ಕಡೆ ಬಡ್ಡಿಗೆ ತಂದಿದ್ದರು. ಮಗನ ಖಾತೆ ಯಾಕೆ ಬಂದ್ ಆಗಿದೆ ಅಂತ ಅವರಿಗೆ ಹೇಳಿದ್ದು "ಬ್ಯಾಂಕಿನವರ ಸಿಸ್ಟಮ್ ಕೆಟ್ಟದ" ಅಂತ.

"ಹೋದ್ರ ನಾ ಕೊಡ್ತೀನಿ"

ಬಸುನ ಅಣ್ಣನಿಗೆ ವಿಷಯ ಗೊತ್ತಾದದ್ದು ಜುಲೈನಲ್ಲಿ, ಬೈಕಿನ ಕಂತಿನವರು ಮನೆಗೆ ಬಂದಾಗ. ಅವರು ಮಲ್ಲುನನ್ನು ಮನೆಗೆ ಕರೆಸಿದರು. ಮಲ್ಲು ಒಬ್ಬನೇ ಹೋಗಲು ಹೆದರಿ ನನ್ನನ್ನೂ ಕರೆದುಕೊಂಡು ಹೋದ. ಗಲಾಟೆ ಆಗಲಿಲ್ಲ, ಚಹಾ ಕೊಟ್ಟರು. ಆಮೇಲೆ ಅಣ್ಣ ಹೇಳಿದರು: "ತಮ್ಮಾ, ಒತ್ತಿದ್ದು ನಮ್ಮ ಹುಡುಗನ ಬೆರಳೇ. ಅದು ನನಗ ಗೊತ್ತದ. ಆದ್ರ ಹೋದ್ರ ನಾ ಕೊಡ್ತೀನಿ ಅಂತ ನೀ ಅಂದಿಯೋ ಇಲ್ಲೋ?"

ಮಲ್ಲು ಅಂದಿದ್ದ. ಮೊದಲ 300ಕ್ಕೆ ಅಂದದ್ದು. ಬಸು ಕೇಳಿದ್ದು ಇಡೀ 27,000ಕ್ಕೆ. ಕಾನೂನಿನಲ್ಲಿ ಜೂಜಿನ ಬಾಕಿಯನ್ನು ವಸೂಲಿ ಮಾಡಲು ಬರುವುದಿಲ್ಲ. ಆದರೆ ಅಲ್ಲಿ ಯಾರೂ ಕೋರ್ಟಿನ ಮಾತು ಆಡುತ್ತಿರಲಿಲ್ಲ. ಕೊನೆಗೆ ಮಲ್ಲು ತನಗೆ ಬಂದ ಕಮಿಷನ್ನಿನಷ್ಟಾದರೂ ಕೊಡುತ್ತೇನೆ ಅಂದ. 5,640, ತಿಂಗಳಿಗೆ 1,000ದಂತೆ. ಇದು ನ್ಯಾಯವೋ ಅಲ್ಲವೋ ನನಗೆ ಹೇಳಲು ಬರುವುದಿಲ್ಲ. ಆ ಕಮಿಷನ್ ಹನ್ನೊಂದು ಜನರ ಆಟದಿಂದ ಬಂದದ್ದು, ಉಳಿದ ಹತ್ತು ಜನರಿಗೆ ಏನೂ ಇಲ್ಲ. ಕೇಳುವ ಅಣ್ಣ ಇದ್ದವನಿಗೆ ಸಿಕ್ಕಿತು, ಅಷ್ಟೇ. ಆ ಹತ್ತರಲ್ಲಿ ಒಬ್ಬ ತಾನೇ ಮೂವರನ್ನು ಸೇರಿಸಿದ್ದ. ಅವನು ಮಲ್ಲುಗೆ ಬೈಯಲೂ ಇಲ್ಲ, ಸಿಗಲೂ ಇಲ್ಲ.

ಬಸುಗೆ ನಿದ್ದೆ ಬರುತ್ತಿಲ್ಲ, ಕಣ್ಣು ಮುಚ್ಚಿದರೆ ಬಣ್ಣ ಕಾಣುತ್ತದೆ ಅಂದಾಗ ಅವನ ಅತ್ತಿಗೆ ಗಾಬರಿಯಾದರು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಒಮ್ಮೆ ಫೋನ್ ಮಾಡಿದ ಅಂತ ಆಮೇಲೆ ಗೊತ್ತಾಯಿತು.

ಇದೆಲ್ಲ ಆದ ಮೇಲೆ ಕಾನೂನೂ ಬದಲಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರಲ್ಲಿ ಸುಮ್ನೆ ಆಡುವವನಿಗೆ ಶಿಕ್ಷೆ ಇಲ್ಲ. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಇಂಥ ಆಟದ ಜಾಹೀರಾತು ಮಾಡುವವರಿಗೆ, ಆ ಜಾಹೀರಾತಿಗೆ ನೆರವಾಗುವವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಮಲ್ಲು ತನ್ನ ಲಿಂಕನ್ನು, 580ರ ಸ್ಕ್ರೀನ್‌ಶಾಟ್ ಸಮೇತ, ವಾಟ್ಸಾಪ್ ಸ್ಟೇಟಸ್‌ನಲ್ಲಿ ದಿನಾ ಹಾಕುತ್ತಿದ್ದ. ಈಗ ಯಾರಾದರೂ ಹಾಗೆ ಹಾಕಿದರೆ ಅವರು ಆಡುವವರ ಸಾಲಿನಲ್ಲಿ ನಿಲ್ಲುತ್ತಾರೋ ಪ್ರಚಾರ ಮಾಡುವವರ ಸಾಲಿನಲ್ಲೋ? ನಮ್ಮ ವಕೀಲರು ಎರಡನೆಯದು ಅಂತಲೇ ಓದಿದರು.

ಸೆಪ್ಟೆಂಬರ್‌ನಲ್ಲಿ ಒಂದು ಮಳೆಯ ಸಂಜೆ ಮಲ್ಲು ಕಚೇರಿಗೆ ಬಂದ. ಬಸುಗೆ ಎರಡನೇ ಕಂತು ಕೊಡುವುದಿತ್ತು. ಫೋನ್ ತೆಗೆದು ತೋರಿಸಿದ. ಆ್ಯಪಿನ ಹೆಸರು ಬದಲಾಗಿದೆ, ಲಿಂಕ್ ಬದಲಾಗಿದೆ, ಒಳಗೆ ಅವನ ಖಾತೆ ಹಾಗೇ ಇದೆ.

"ನಾ ಆಡಂಗಿಲ್ರಿ. ಸುಮ್ನ ನೋಡ್ಲಿಕ್ಕ ತೆಗದಿನಿ" ಎಂದ.

'ನಿನ್ನೆಯ ಕಮಿಷನ್' ಎಂಬ ಸಾಲಿನಲ್ಲಿ 2 ರೂಪಾಯಿ 16 ಪೈಸೆ ಇತ್ತು. ಅಂದರೆ ಯಾರೋ ನಿನ್ನೆ 360 ರೂಪಾಯಿಯ ಆಟ ಆಡಿದ್ದಾರೆ. ಪಟ್ಟಿಯಲ್ಲಿ ಹೆಸರು ಇರುವುದಿಲ್ಲ, ಐಡಿಯ ಕೊನೆಯ ಮೂರು ಅಂಕಿ ಮಾತ್ರ. 417 ಅಂತ ಇತ್ತು, ಎದುರು ಹಸಿರು ಚುಕ್ಕೆ.

"ಇದು ಯಾರ್ದು?"

"ಬಸುಂದ್ರಿ" ಎಂದ. 1,000 ರೂಪಾಯಿ ಇನ್ನೂ ಅವನ ಕೈಯಲ್ಲೇ ಇತ್ತು.